ಮೂರನೆಯ ರಾಶಿ

ಹತ್ತು ಲಕ್ಷ ಸಾಲುಗಳ ಪಟ್ಟಿ. ಒಂದೊಂದು ಸಾಲಿನಲ್ಲೂ ಒಬ್ಬರ ಮೊಬೈಲ್ ಸಂಖ್ಯೆ, ಅವರ ಜಿಲ್ಲೆಗೆ ಕೊಟ್ಟ ಸಂಕೇತ, ಹೆಣ್ಣೋ ಗಂಡೋ ಎಂಬುದಕ್ಕೆ 0 ಅಥವಾ 1. ಬೇಕಾದ ಕಾಲಂ ಹಿಡಿದು ಇದನ್ನು ಜೋಡಿಸಿಕೊಡುವ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ನಾನೇ ಬರೆದಿದ್ದೆ. ಜೋಡಿಸುವ ಕೆಲಸಕ್ಕೆ ಪುಸ್ತಕದಲ್ಲಿ ಕಲಿತ ಕ್ವಿಕ್‌ಸಾರ್ಟ್. ಮೊಬೈಲ್ ಸಂಖ್ಯೆಯ ಪ್ರಕಾರ ಜೋಡಿಸು ಎಂದೆ, ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಜಿಲ್ಲೆಯ ಪ್ರಕಾರ ಎಂದೆ, ಮೂರು ನಾಲ್ಕು ನಿಮಿಷ ಹಿಡಿಯಿತು. ಕೊನೆಗೆ ಆ ಸೊನ್ನೆ ಒಂದರ ಕಾಲಂ ಕೊಟ್ಟೆ. ಊಟ ಮುಗಿಸಿ ಬಂದರೂ ಪರದೆಯ ಮೇಲೆ ಕರ್ಸರ್ ಮಿಣುಕುತ್ತಲೇ ಇತ್ತು.

ಇದು ತಲೆಕೆಳಗಾದ ಲೆಕ್ಕ. ಹತ್ತು ಲಕ್ಷ ಬೇರೆ ಬೇರೆ ಮೊಬೈಲ್ ಸಂಖ್ಯೆಗಳನ್ನು ಕ್ರಮಕ್ಕೆ ತರುವುದು ಕಷ್ಟದ ಕೆಲಸ. ಸೊನ್ನೆಗಳನ್ನೆಲ್ಲ ಈ ಕಡೆ, ಒಂದುಗಳನ್ನೆಲ್ಲ ಆ ಕಡೆ ಹಾಕುವುದು ಅಂಗನವಾಡಿಯ ಮಗುವೂ ಮಾಡುವ ಕೆಲಸ. ನನ್ನ ಪ್ರೋಗ್ರಾಂ ಮಾತ್ರ ಕಷ್ಟದ್ದನ್ನು ಚಿಟಿಕೆ ಹೊಡೆದಂತೆ ಮುಗಿಸಿ ಸುಲಭದ್ದರಲ್ಲಿ ಮುಳುಗಿ ಕೂತಿತ್ತು. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ಬಂದು ಪರದೆ ನೋಡಿ ಒಂದೇ ಪ್ರಶ್ನೆ ಕೇಳಿದರು: “ಆ ಕಾಲಂನಲ್ಲಿ ಬೇರೆ ಬೇರೆ ಬೆಲೆ ಎಷ್ಟಿವೆಯಪ್ಪಾ?”

ಎರಡು ಎಂದೆ. “ಹಾಗಾದರೆ ಅದು ಇವತ್ತು ಮುಗಿದರೆ ಪುಣ್ಯ” ಅಂದರು.

ಅವರು ಆ ಪ್ರಶ್ನೆಯನ್ನೇ ಏಕೆ ಕೇಳಿದರು ಎಂಬುದು ತಿಳಿಯಬೇಕಾದರೆ ಕ್ವಿಕ್‌ಸಾರ್ಟ್ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಅದು ತೊಡಕಿನದೇನಲ್ಲ. ತರಗತಿಯ ಉತ್ತರಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸಬೇಕು ಎಂದುಕೊಳ್ಳಿ. ಕಟ್ಟಿನಿಂದ ಯಾವುದೋ ಒಂದು ಪತ್ರಿಕೆಯನ್ನು ಎಳೆದುಕೊಳ್ಳಿ. ಅದರ ಅಂಕವೇ ಈಗ ಅಳತೆಗೋಲು, ಕಂಪ್ಯೂಟರಿನವರು ಇದಕ್ಕೆ ಪಿವಟ್ ಎನ್ನುತ್ತಾರೆ. ಉಳಿದ ಪತ್ರಿಕೆಗಳನ್ನು ಒಂದೊಂದಾಗಿ ಇದಕ್ಕೆ ಹೋಲಿಸಿ, ಕಡಿಮೆ ಅಂಕದವನ್ನು ಎಡಕ್ಕೂ ಉಳಿದವನ್ನು ಬಲಕ್ಕೂ ಇಡುತ್ತಾ ಹೋಗಿ. ಕಟ್ಟು ಮುಗಿದಾಗ ಪಿವಟ್ ಪತ್ರಿಕೆಯನ್ನು ನಡುವೆ ಇಟ್ಟರೆ ಅದರ ಜಾಗ ಖಾಯಂ ಆಯಿತು. ಈಗ ಎಡ ರಾಶಿಯ ಮೇಲೆ ಇದೇ ಕೆಲಸ, ಬಲ ರಾಶಿಯ ಮೇಲೂ ಇದೇ ಕೆಲಸ. ರಾಶಿಗಳು ಒಡೆದು ಒಡೆದು ಒಂದೊಂದೇ ಪತ್ರಿಕೆ ಉಳಿಯುವ ಹೊತ್ತಿಗೆ ಇಡೀ ಕಟ್ಟು ಕ್ರಮದಲ್ಲಿರುತ್ತದೆ.

ಈ ಉಪಾಯ ಹೊಳೆದದ್ದು ಟೋನಿ ಹೋರ್ ಎಂಬ ಇಂಗ್ಲಿಷ್ ತರುಣನಿಗೆ, 1959ರ ಸುಮಾರಿಗೆ, ಅವರು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ. ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತರುವ ಕೆಲಸದಲ್ಲಿ ಅವರು ತೊಡಗಿದ್ದರು. ನಿಘಂಟು ಅಕ್ಷರಾನುಕ್ರಮದಲ್ಲಿ ಟೇಪಿನ ಮೇಲಿತ್ತು. ಪ್ರತಿ ಪದಕ್ಕೂ ಟೇಪನ್ನು ಹಿಂದೆ ಮುಂದೆ ಓಡಿಸುವ ಬದಲು ವಾಕ್ಯದ ಪದಗಳನ್ನೇ ಮೊದಲು ಅಕ್ಷರಾನುಕ್ರಮಕ್ಕೆ ತಂದರೆ ಟೇಪನ್ನು ಒಮ್ಮೆ ಓಡಿಸಿದರೆ ಸಾಕು. ಆ ಜೋಡಣೆಯ ಯೋಚನೆಯಲ್ಲಿ ಹುಟ್ಟಿದ್ದು ಕ್ವಿಕ್‌ಸಾರ್ಟ್. 1961ರಲ್ಲಿ ಅಚ್ಚಾಯಿತು.

ಇದರ ವೇಗದ ಗುಟ್ಟು ರಾಶಿ ಒಡೆಯುವುದರಲ್ಲಿದೆ. ಪಿವಟ್ ಸುಮಾರಾಗಿ ನಡುವಿನದಾಗಿದ್ದರೆ ಹತ್ತು ಲಕ್ಷದ ರಾಶಿ ಐದೈದು ಲಕ್ಷದ ಎರಡಾಗುತ್ತದೆ, ಅವು ಎರಡೂವರೆ ಲಕ್ಷದ ನಾಲ್ಕಾಗುತ್ತವೆ. ಹೀಗೆ ಅರ್ಧರ್ಧ ಮಾಡುತ್ತಾ ಇಪ್ಪತ್ತು ಸುತ್ತಿನಲ್ಲಿ ಎಲ್ಲವೂ ಒಂಟಿಯಾಗುತ್ತವೆ. ಒಂದು ಸುತ್ತಿಗೆ ಸುಮಾರು ಹತ್ತು ಲಕ್ಷ ಹೋಲಿಕೆ ಎಂದರೆ ಒಟ್ಟು ಎರಡು ಕೋಟಿ. ಪಿವಟ್ ಪ್ರತಿ ಸಲವೂ ಸರಿಯಾಗಿ ನಡುವಿನದೇ ಸಿಗುವುದಿಲ್ಲವಾದ್ದರಿಂದ ಸರಾಸರಿಯಲ್ಲಿ ಇದು ಎರಡೂ ಮುಕ್ಕಾಲು ಕೋಟಿಯವರೆಗೆ ಹೋಗುತ್ತದೆ. ಸೆಕೆಂಡಿಗೆ ಹತ್ತು ಕೋಟಿ ಹೋಲಿಕೆ ಮಾಡುವ ಯಂತ್ರಕ್ಕೆ ಅದು ಸೆಕೆಂಡಿನ ಕಾಲು ಭಾಗದ ಕೆಲಸ. ನನ್ನ ಮೊಬೈಲ್ ಸಂಖ್ಯೆಯ ಕಾಲಂ ಅಷ್ಟು ಬೇಗ ಮುಗಿದದ್ದು ಇದರಿಂದಲೇ.

ಈಗ ತರಗತಿಯ ಎಲ್ಲರಿಗೂ 35 ಅಂಕ ಬಂದಿದೆ ಎಂದುಕೊಳ್ಳಿ. ಎಂಟು ಪತ್ರಿಕೆ, ಎಂಟರಲ್ಲೂ 35. ಒಂದನ್ನು ಪಿವಟ್ ಎಂದು ಎಳೆದುಕೊಂಡಿರಿ. ಉಳಿದ ಏಳನ್ನು ನೋಡುತ್ತೀರಿ. ಇದು 35ಕ್ಕಿಂತ ಕಡಿಮೆಯೇ? ಅಲ್ಲ, ಹಾಗಾದರೆ ಬಲಕ್ಕೆ. ಮುಂದಿನದು? ಅದೂ ಅಲ್ಲ, ಬಲಕ್ಕೆ. ಏಳೂ ಬಲಕ್ಕೆ ಹೋದವು, ಎಡದ ಚಾಪೆ ಖಾಲಿ. ಏಳು ಹೋಲಿಕೆ ಮಾಡಿ ಜಾಗಕ್ಕೆ ಸೇರಿಸಿದ್ದು ಒಂದೇ ಪತ್ರಿಕೆಯನ್ನು. ಈಗ ಏಳರ ರಾಶಿ ಎತ್ತಿಕೊಳ್ಳಿ: ಆರು ಹೋಲಿಕೆ, ಮತ್ತೆ ಒಂದಕ್ಕೆ ಜಾಗ. ಆಮೇಲೆ ಐದು, ನಾಲ್ಕು, ಮೂರು, ಎರಡು, ಒಂದು. ಕೂಡಿದರೆ 28. ಎಂಟಕ್ಕೆ 28 ಎಂದರೆ ಹೆಚ್ಚೇನೂ ಅನ್ನಿಸುವುದಿಲ್ಲ. ಆದರೆ ಇದೇ ಲೆಕ್ಕದಲ್ಲಿ ಹತ್ತು ಲಕ್ಷ ಒಂದೇ ಬೆಲೆಗೆ ಸುಮಾರು 50,000 ಕೋಟಿ ಹೋಲಿಕೆ ಬೇಕು. ಅದೇ ಯಂತ್ರಕ್ಕೆ ಒಂದು ಗಂಟೆ ಇಪ್ಪತ್ತಮೂರು ನಿಮಿಷ. ರಾಶಿ ಒಡೆಯುತ್ತಲೇ ಇಲ್ಲ, ಬೆಳ್ಳುಳ್ಳಿಯ ಎಸಳು ಕಿತ್ತ ಹಾಗೆ ಸಲಕ್ಕೆ ಒಂದೊಂದೇ ಕಳಚುತ್ತಿದೆ.

ಬೆಲೆ ಒಂದೇ ಇರಬೇಕೆಂದೂ ಇಲ್ಲ. ಎರಡೇ ಬೆಲೆಗಳು ಅರ್ಧರ್ಧ ಇದ್ದರೆ ಮೊದಲ ಕೆಲವು ಸುತ್ತಿನಲ್ಲೇ ಸೊನ್ನೆಗಳ ರಾಶಿ ಬೇರೆ, ಒಂದುಗಳ ರಾಶಿ ಬೇರೆ ಆಗುತ್ತದೆ. ಮನುಷ್ಯನಾದರೆ ಅಲ್ಲಿಗೆ ಕೈ ತೊಳೆದು ಏಳುತ್ತಿದ್ದ. ಪ್ರೋಗ್ರಾಂಗೆ ಅದು ತಿಳಿಯದು. ಐದು ಲಕ್ಷ ಸೊನ್ನೆಗಳೊಳಗೆ ಕುಳಿತು ಸೊನ್ನೆಯನ್ನು ಸೊನ್ನೆಯೊಂದಿಗೆ ಹೋಲಿಸುತ್ತಾ ಒಂದೊಂದನ್ನೇ ಕಳಚುತ್ತದೆ, ಆಮೇಲೆ ಒಂದುಗಳಿಗೂ ಅದೇ ಉಪಚಾರ. ಒಟ್ಟು 25,000 ಕೋಟಿ, ಅಂದರೆ ನಲವತ್ತು ನಿಮಿಷಕ್ಕೂ ಹೆಚ್ಚು. ನನ್ನ ಊಟ ಮುಗಿದರೂ ಅದರ ಕೆಲಸ ಮುಗಿಯದಿದ್ದದ್ದು ಹೀಗೆ. ಕರ್ನಾಟಕದ 31 ಜಿಲ್ಲೆಗಳಿಗೆ ಜನ ಸಮನಾಗಿ ಹಂಚಿದ್ದರೆ 1,600 ಕೋಟಿ ಆಗುತ್ತಿತ್ತು. ಬೆಂಗಳೂರು ನಗರದ ಪಾಲು ಉಳಿದವಕ್ಕಿಂತ ಬಹಳ ದೊಡ್ಡದಾದ್ದರಿಂದ ಅದು ಇನ್ನೂ ಏರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಗುಂಪಿನ ಗಾತ್ರವಲ್ಲ, ಗಾತ್ರದ ವರ್ಗ. ಒಂದು ಗುಂಪು ಇನ್ನೊಂದರ ಐದರಷ್ಟಿದ್ದರೆ ಅದಕ್ಕೆ ಬೀಳುವ ಕೆಲಸ ಇಪ್ಪತ್ತೈದರಷ್ಟು.

ನಾನು ಮೊದಲು ಅನುಮಾನಿಸಿದ್ದು ಪಿವಟ್ಟನ್ನು. ಕ್ವಿಕ್‌ಸಾರ್ಟ್ ನಿಧಾನವಾಯಿತು ಎಂದರೆ ಪಿವಟ್ ಕೆಟ್ಟದ್ದಿರಬೇಕು ಎಂದೇ ಎಲ್ಲ ಪಾಠಗಳೂ ಹೇಳುತ್ತವೆ. ಈಗಾಗಲೇ ಕ್ರಮದಲ್ಲಿರುವ ಪಟ್ಟಿ ಕೊಟ್ಟು ಮೊದಲನೆಯದನ್ನೋ ಕೊನೆಯದನ್ನೋ ಪಿವಟ್ ಮಾಡಿಕೊಂಡರೆ ಒಂದು ರಾಶಿ ಖಾಲಿ, ಇನ್ನೊಂದು ಪೂರ್ತಿ ಆಗುವುದು ನಿಜ. ಅದಕ್ಕೆ ಮದ್ದು ಎಂದರೆ ಪಿವಟ್ಟನ್ನು ಚೀಟಿ ಎತ್ತಿದಂತೆ ಎಲ್ಲಿಂದಲಾದರೂ ಆರಿಸುವುದು. ಹಾಗೇ ಮಾಡಿದೆ. ಒಂದು ನಿಮಿಷವೂ ಉಳಿಯಲಿಲ್ಲ. ಉಳಿಯುವುದಾದರೂ ಹೇಗೆ? ಕಟ್ಟಿನ ಎಲ್ಲ ಪತ್ರಿಕೆಯಲ್ಲೂ 35 ಇದ್ದರೆ ಮೇಲಿನದನ್ನು ಎಳೆದರೂ ಕೆಳಗಿನದನ್ನು ಎಳೆದರೂ ಕೈಗೆ ಬರುವುದು 35ರ ಪತ್ರಿಕೆಯೇ. ಆರಿಸಲು ಆಯ್ಕೆಯೇ ಇಲ್ಲದಲ್ಲಿ ಆಯ್ಕೆಯನ್ನು ತಿದ್ದಿ ಏನೂ ಆಗುವುದಿಲ್ಲ. ದೋಷ ಇದ್ದದ್ದು ರಾಶಿ ಮಾಡುವ ಈ ನಾಲ್ಕು ಸಾಲುಗಳಲ್ಲಿ:

```
int p = a[hi], i = lo;
for (int j = lo; j < hi; j++)
    if (a[j] < p) swap(a, i++, j);
swap(a, i, hi);
```

ನಿಕೊ ಲೊಮುಟೊ ಎಂಬವರ ಹೆಸರಿನಲ್ಲಿ ಪ್ರಚಾರದಲ್ಲಿರುವ ಕ್ರಮ ಇದು. ಬರೆಯಲು ಚಿಕ್ಕದು, ನೆನಪಿಡಲು ಸುಲಭ, ಪಠ್ಯಪುಸ್ತಕಗಳಿಗೆ ಅಚ್ಚುಮೆಚ್ಚು. ಮೂರನೆಯ ಸಾಲನ್ನು ನೋಡಿ. `a[j] < p` ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ಆದರೆ ಎರಡು ಅಂಕಗಳನ್ನು ಹೋಲಿಸಿದಾಗ ಮೂರು ಉತ್ತರ ಸಾಧ್ಯ: ಕಡಿಮೆ, ಹೆಚ್ಚು, ಸಮ. ಸಮ ಎಂಬ ಉತ್ತರಕ್ಕೆ ಇಲ್ಲಿ ಜಾಗವೇ ಇಲ್ಲ, ಅದು ‘ಇಲ್ಲ’ದೊಳಗೆ ಕರಗಿ ಬಲಕ್ಕೆ ಹೋಗುತ್ತದೆ. `<` ಬದಲು `<=` ಬರೆದರೆ ಸಮನಾದವೆಲ್ಲ ಎಡಕ್ಕೆ ಹೋಗುತ್ತವೆ, ಅಷ್ಟೇ ವ್ಯತ್ಯಾಸ. ಯಾವ ಕಡೆ ಹೋದರೂ ಒಟ್ಟಿಗೆ ಹೋಗುತ್ತವೆ, ಒಟ್ಟಿಗೆ ಮತ್ತೆ ಮುಂದಿನ ಸುತ್ತಿಗೆ ಬಂದು ನಿಲ್ಲುತ್ತವೆ.

ಇದು ನನ್ನಂಥ ಒಬ್ಬನ ಕೈತಪ್ಪಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. 1991ರ ಬೇಸಿಗೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅಲನ್ ವಿಲ್ಕ್ಸ್ ಮತ್ತು ರಿಕ್ ಬೆಕರ್ ಎಂಬ ಇಬ್ಬರು ಯೂನಿಕ್ಸ್‌ನ `qsort` ಕರೆದು ಏನನ್ನೋ ಜೋಡಿಸಲು ಬಿಟ್ಟರು. ಕೆಲವು ನಿಮಿಷಗಳಲ್ಲಿ ಮುಗಿಯಬೇಕಾದದ್ದು ಗಂಟೆಗಟ್ಟಲೆ ಓಡಿತು. ನಡುವೆ ನಿಲ್ಲಿಸದಿದ್ದರೆ ವಾರಗಟ್ಟಲೆ ಓಡುತ್ತಿತ್ತು ಎಂದು ಆಮೇಲೆ ಲೆಕ್ಕ ಹಾಕಿದರು. ಅವರ ಪಟ್ಟಿ ಏರಿ ಇಳಿಯುವ ಬಗೆಯದು: 1, 2, 3 ಎನ್ನುತ್ತಾ ಮೇಲಕ್ಕೆ ಹೋಗಿ ಮತ್ತೆ 3, 2, 1 ಎಂದು ಕೆಳಗಿಳಿಯುವಂಥದ್ದು. ಅವರ ಸಹೋದ್ಯೋಗಿಗಳಾದ ಜಾನ್ ಬೆಂಟ್ಲಿ ಮತ್ತು ಡಗ್ಲಸ್ ಮೆಕಿಲ್‌ರಾಯ್ ಇದಕ್ಕಿಂತ ಒಳ್ಳೆಯ `qsort` ಎಲ್ಲಾದರೂ ಇದೆಯೇ ಎಂದು ಹುಡುಕಹೊರಟರು. ಬರ್ಕ್ಲಿಯಲ್ಲಿ 1983ರಲ್ಲಿ ಬರೆದದ್ದೊಂದು ಸಿಕ್ಕಿತು. ಅದಕ್ಕೆ ಸೊನ್ನೆ ಒಂದುಗಳನ್ನು ಸುಮ್ಮನೆ ಕಲಸಿ ಕೊಟ್ಟರೆ ಸಾಕು, ಅದೂ ವರ್ಗದ ಲೆಕ್ಕದಲ್ಲಿ ಏರುತ್ತಿತ್ತು. ಹನ್ನೆರಡರಷ್ಟು ಯೂನಿಕ್ಸ್ ಲೈಬ್ರರಿಗಳನ್ನು ಪರೀಕ್ಷಿಸಿದರು. ಸುಲಭವಾಗಿ ಈ ಗತಿಗೆ ತಳ್ಳಲಾಗದ ಒಂದೂ ಸಿಗಲಿಲ್ಲ. ಎಲ್ಲವೂ ಎರಡೇ ಹಳೆಯ ಮೂಲಗಳಿಂದ ಇಳಿದುಬಂದವು, ಮೂಲದ ದೋಷವೂ ಜತೆಗೇ ಇಳಿದಿತ್ತು. ಹತ್ತಿರ ಹತ್ತಿರ ಮೂವತ್ತು ವರ್ಷ ಹಳೆಯದಾದ, ಪ್ರಪಂಚವೆಲ್ಲ ಬಳಸುತ್ತಿದ್ದ ಒಂದು ಕ್ರಮದಲ್ಲಿ ಸೊನ್ನೆ ಒಂದುಗಳಷ್ಟು ಸರಳವಾದ ಪಟ್ಟಿಗೆ ಸೋಲುವ ದೋಷ ಅಡಗಿ ಕುಳಿತಿತ್ತು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇಷ್ಟು ದಿನ ಯಾರ ಕಣ್ಣಿಗೂ ಬೀಳದಿರಲು ಕಾರಣ ನಾವು ಪರೀಕ್ಷಿಸುವ ರೀತಿಯಲ್ಲಿದೆ. ಸಾರ್ಟ್ ಬರೆದವರು ಅದನ್ನು ಪರೀಕ್ಷಿಸುವುದು ಯಾದೃಚ್ಛಿಕ ಸಂಖ್ಯೆಗಳಿಂದ. ನೂರು ಕೋಟಿಯೊಳಗಿನ ಯಾವುದೋ ಹತ್ತು ಲಕ್ಷ ಸಂಖ್ಯೆಗಳನ್ನು ತೆಗೆದುಕೊಂಡರೆ ಅವುಗಳಲ್ಲಿ ಸಮನಾದವು ತೀರಾ ಕಡಿಮೆ. ಬಳಕೆಯ ಪಟ್ಟಿಗಳು ಹಾಗಿರುವುದಿಲ್ಲ. ಜಿಲ್ಲೆ, ಹುಟ್ಟಿದ ವರ್ಷ, ರಕ್ತದ ಗುಂಪು, ನೂರಕ್ಕೆ ಇಷ್ಟು ಎಂದು ಕೊಟ್ಟ ಅಂಕ: ನಾವು ಜೋಡಿಸಲು ಬಯಸುವ ಕಾಲಂಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ಬೆಲೆಗಳವೇ. ಗುಂಪುಗೂಡಿಸಿ ನೋಡಬೇಕು ಎಂದೇ ತಾನೆ ಜೋಡಿಸುವುದು!

ಈಗ ಪರಿಹಾರಕ್ಕೆ ಬರೋಣ. ಮತ್ತೆ ಉತ್ತರಪತ್ರಿಕೆಯ ಚಾಪೆಗೆ ಹೋಗಿ. ಕೈಯಲ್ಲಿ 35ರ ಪಿವಟ್ ಹಿಡಿದವರಿಗೆ ಇನ್ನೊಂದು 35 ಎದುರಾದರೆ, ಎಡಕ್ಕೂ ಹಾಕದೆ ಬಲಕ್ಕೂ ಹಾಕದೆ ತಮ್ಮ ಮುಂದೆ, ನಡುವೆ, ಬೇರೆಯೇ ಒಂದು ರಾಶಿ ಮಾಡುತ್ತಾರೆ. ಕಟ್ಟು ಮುಗಿದಾಗ ಆ ನಡುವಿನ ರಾಶಿಯನ್ನು ಮತ್ತೆ ಮುಟ್ಟಬೇಕಿಲ್ಲ, ಅದರಲ್ಲಿರುವ ಪ್ರತಿಯೊಂದಕ್ಕೂ ಜಾಗ ಸಿಕ್ಕಾಗಿದೆ. ಮುಂದೆ ನೋಡಬೇಕಾದದ್ದು ಎಡ ಬಲಗಳನ್ನು ಮಾತ್ರ. ಮೂರು ಪಾಲು ಮಾಡುವುದು ಎಂದರೆ ಇಷ್ಟೇ.

ತೊಡಕು ಇರುವುದು ಜಾಗದಲ್ಲಿ. ಚಾಪೆಯ ಮೇಲೆ ಮೂರು ರಾಶಿಗೆ ಸ್ಥಳವಿದೆ. ಕಂಪ್ಯೂಟರಿನಲ್ಲಿ ಬೇರೆ ಚಾಪೆ ಹಾಸದೆ, ಇರುವ ಪಟ್ಟಿಯೊಳಗೇ ಅದಲು ಬದಲು ಮಾಡಿ ಮೂರು ಪಾಲು ತೆಗೆಯಬೇಕು, ಅದೂ ಒಂದೇ ಓಟದಲ್ಲಿ. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಇದನ್ನೇ ಒಂದು ಒಗಟಾಗಿ ಮುಂದಿಟ್ಟರು. ಸಾಲಾಗಿಟ್ಟ ಬಕೆಟ್ಟುಗಳು, ಒಂದೊಂದರಲ್ಲೂ ಕೆಂಪೋ ಬಿಳಿಯೋ ನೀಲಿಯೋ ಒಂದು ಬೆಣಚುಕಲ್ಲು. ಅದಲು ಬದಲು ಮಾಡುತ್ತಾ ತಮ್ಮ ದೇಶದ ಬಾವುಟದ ಕ್ರಮಕ್ಕೆ ತರಬೇಕು. 1976ರ ಅವರ ಪುಸ್ತಕದಲ್ಲಿ ಇದು ಡಚ್ ರಾಷ್ಟ್ರಧ್ವಜದ ಸಮಸ್ಯೆ ಎಂಬ ಹೆಸರಿನಲ್ಲಿದೆ. ಅದರ ಉತ್ತರವನ್ನು ಕ್ವಿಕ್‌ಸಾರ್ಟ್‌ಗೆ ಹೊಂದಿಸಿದರೆ ಹೀಗಾಗುತ್ತದೆ:

```
int p = a[lo + rand() % (hi - lo + 1)];
int lt = lo, i = lo, gt = hi;
while (i <= gt) {
    if      (a[i] < p) swap(a, lt++, i++);
    else if (a[i] > p) swap(a, i, gt--);
    else               i++;
}
```

ಇದು ಮುಗಿದ ಮೇಲೆ `lo` ಇಂದ `lt-1` ತನಕ ಒಂದು ಸಲ, `gt+1` ಇಂದ `hi` ತನಕ ಇನ್ನೊಂದು ಸಲ ಇದೇ ಕೆಲಸ. ಮೂರು ಬೆರಳುಗಳನ್ನು ಪಟ್ಟಿಯ ಮೇಲಿಟ್ಟಂತೆ ನೋಡಿ. `lt`ಗಿಂತ ಎಡಕ್ಕಿರುವುದೆಲ್ಲ ಪಿವಟ್‌ಗಿಂತ ಕಡಿಮೆ ಎಂದು ಖಚಿತವಾದವು. `gt`ಗಿಂತ ಬಲಕ್ಕಿರುವುದೆಲ್ಲ ಹೆಚ್ಚು ಎಂದು ಖಚಿತವಾದವು. `lt` ಇಂದ `i`ವರೆಗಿನವು ಸಮ. `i` ಇಂದ `gt`ವರೆಗೆ ಇನ್ನೂ ನೋಡದವು.

ಏಳು ಅಂಕಗಳನ್ನು ಹಿಡಿದು ಕೈಯಾರೆ ಮಾಡೋಣ: 35, 61, 35, 28, 35, 42, 35. ಪಿವಟ್ 35. ಮೊದಲನೆಯದು 35, ಸಮ, `i` ಒಂದು ಹೆಜ್ಜೆ ಮುಂದೆ. ಎರಡನೆಯದು 61, ಹೆಚ್ಚು. ಅದನ್ನು ಕೊನೆಯ 35ರ ಜತೆ ಅದಲು ಬದಲು ಮಾಡಿ `gt`ಯನ್ನು ಒಂದು ಹೆಜ್ಜೆ ಹಿಂದಕ್ಕೆ ತರುತ್ತೇವೆ. ಈಗ ಪಟ್ಟಿ 35, 35, 35, 28, 35, 42, 61. ಇಲ್ಲಿ `i` ಮುಂದೆ ಹೋಗಲಿಲ್ಲ ಎಂಬುದನ್ನು ಗಮನಿಸಿ. ಕೊನೆಯಿಂದ ಎಳೆದು ತಂದ ಅಂಕವನ್ನು ನಾವಿನ್ನೂ ನೋಡಿಯೇ ಇಲ್ಲ, ಅದು ಯಾವ ರಾಶಿಯದೋ ಗೊತ್ತಿಲ್ಲ. ಈ ಕ್ರಮವನ್ನು ಮೊದಲ ಸಲ ಬರೆಯುವವರು ಎಡವುವುದು ಬಹುಪಾಲು ಇಲ್ಲೇ. ಅಭ್ಯಾಸಬಲದಿಂದ ಅಲ್ಲೂ `i++` ಹಾಕುತ್ತಾರೆ, ಆಗ ಒಂದು ಅಂಕ ನೋಡದೆಯೇ ದಾಟಿಹೋಗಿ ಕೊನೆಗೆ ಪಟ್ಟಿಯಲ್ಲಿ ಎಲ್ಲೋ ಒಂದೆರಡು ಕ್ರಮ ತಪ್ಪಿ ನಿಲ್ಲುತ್ತವೆ.

ಎಳೆದು ತಂದದ್ದು 35, ಸಮ, ಮುಂದೆ. ಅದರ ಮುಂದಿನದೂ 35, ಮುಂದೆ. ನಾಲ್ಕನೆಯ ಜಾಗದಲ್ಲಿ 28, ಕಡಿಮೆ. ಅದನ್ನು `lt` ಇರುವ ಮೊದಲ ಜಾಗದ 35ರ ಜತೆ ಬದಲಿಸಿದರೆ 28, 35, 35, 35, 35, 42, 61. ಈ ಸಲ `lt` ಮತ್ತು `i` ಎರಡೂ ಮುಂದೆ ಹೋಗುತ್ತವೆ, ಏಕೆಂದರೆ `lt` ಜಾಗದಿಂದ ಬಂದದ್ದು ಸಮ ಎಂದು ಮೊದಲೇ ಗೊತ್ತಿದೆ. ಐದನೆಯದು 35, ಮುಂದೆ. ಆರನೆಯದು 42, ಹೆಚ್ಚು, `gt` ಅಲ್ಲೇ ಇರುವುದರಿಂದ ತನ್ನೊಂದಿಗೆ ತಾನೇ ಬದಲಾಗಿ `gt` ಹಿಂದೆ ಸರಿಯುತ್ತದೆ. `i` ಈಗ `gt`ಯನ್ನು ದಾಟಿದೆ, ಕೆಲಸ ಮುಗಿಯಿತು. ಏಳು ಅಂಕ, ಏಳು ನೋಟ. ನಡುವಿನ ನಾಲ್ಕು 35ಗಳೂ ಒಂದೇ ಓಟದಲ್ಲಿ ಖಾಯಂ ಆದವು. ಎಡಕ್ಕೆ ಒಂಟಿ 28, ಬಲಕ್ಕೆ ಎರಡೇ ಎರಡು.

ಎಂಟೂ ಪತ್ರಿಕೆ 35 ಆಗಿದ್ದರೆ ಎಂಟು ನೋಟದಲ್ಲಿ ಎಲ್ಲ ಮುಗಿದು ಎಡವೂ ಖಾಲಿ ಬಲವೂ ಖಾಲಿ. ಹಿಂದೆ 28 ಹೋಲಿಕೆ ಬೇಕಾಗಿತ್ತು. ಹತ್ತು ಲಕ್ಷ ಒಂದೇ ಬೆಲೆಗೆ 50,000 ಕೋಟಿ ಇದ್ದದ್ದು ಬರೀ ಹತ್ತು ಲಕ್ಷ ನೋಟಕ್ಕೆ ಇಳಿಯುತ್ತದೆ. ಜಿಲ್ಲೆಯ ಕಾಲಂನಲ್ಲಿ ಒಂದೊಂದು ಓಟಕ್ಕೆ ಒಂದು ಜಿಲ್ಲೆ ಪೂರ್ತಿಯಾಗಿ ಪಟ್ಟಿಯಿಂದ ಎದ್ದುಹೋಗುತ್ತದೆ, ಉಳಿದವು ಎರಡು ಕಡೆ ಹಂಚಿಹೋಗುತ್ತವೆ. ಹೀಗಾಗಿ ಒಂದು ಸಾಲು ಸರಾಸರಿ ಐದಾರು ಓಟಗಳಲ್ಲಿ ಕಾಣಿಸಿಕೊಂಡು ಜಾಗ ಸೇರುತ್ತದೆ. 1,600 ಕೋಟಿಗೂ ಮೇಲಿದ್ದದ್ದು ಐವತ್ತು ಅರವತ್ತು ಲಕ್ಷ ನೋಟಕ್ಕೆ ಇಳಿಯಿತು. ಒಂದು ನೋಟದಲ್ಲಿ ಕಡಿಮೆಯೇ, ಹೆಚ್ಚೇ ಎಂಬ ಎರಡು ಹೋಲಿಕೆ ಆಗಬಹುದು, ಅದನ್ನು ಸೇರಿಸಿದರೂ ಕೋಟಿಯ ಆಸುಪಾಸು. ಸುಲಭದ ಕಾಲಂ ಈಗ ನಿಜಕ್ಕೂ ಸುಲಭ: ಬೇರೆ ಬೇರೆ ಬೆಲೆಗಳು ಕಡಿಮೆಯಾದಷ್ಟೂ ಬೇಗ ಮುಗಿಯುತ್ತದೆ. ನನ್ನ ಸೊನ್ನೆ ಒಂದರ ಕಾಲಂಗೆ ಒಂದೆರಡು ಓಟವೇ ಸಾಕಾಯಿತು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಎಲ್ಲ ಬೆಲೆಗಳೂ ಬೇರೆ ಬೇರೆ ಇರುವ ಮೊಬೈಲ್ ಸಂಖ್ಯೆಯಂಥ ಕಾಲಂನಲ್ಲಿ ನಡುವಿನ ರಾಶಿ ಯಾವಾಗಲೂ ಒಂದೇ ಒಂದು, ಅದಕ್ಕಾಗಿ ಮಾಡಿದ ಅದಲು ಬದಲೆಲ್ಲ ದಂಡ. ಬೆಂಟ್ಲಿ ಮತ್ತು ಮೆಕಿಲ್‌ರಾಯ್ 1993ರಲ್ಲಿ ಪ್ರಕಟಿಸಿದ ತಮ್ಮ ಹೊಸ `qsort`ನಲ್ಲಿ ಇದನ್ನು ಜಾಣತನದಿಂದ ತಪ್ಪಿಸಿದರು. ಸಮನಾದವನ್ನು ನಡುವೆ ಕೂಡಿಹಾಕುವ ಬದಲು ಸಿಕ್ಕಿದ ಹಾಗೆ ಪಟ್ಟಿಯ ಎರಡು ತುದಿಗಳಿಗೆ ದಬ್ಬಿ, ಓಟ ಮುಗಿದ ಮೇಲೆ ಒಟ್ಟಾಗಿ ನಡುವಿಗೆ ತಂದರು. ಸಮನಾದವು ಇಲ್ಲದಿದ್ದರೆ ತರುವ ಕೆಲಸವೂ ಇಲ್ಲ. ಬಿಎಸ್‌ಡಿ ಬಗೆಯ ಯೂನಿಕ್ಸ್‌ಗಳ `qsort` ಇಂದಿಗೂ ಆ ಮನೆತನದ್ದೇ.

ಮೂರು ಪಾಲು ಮಾಡದೆಯೇ ಬದುಕುಳಿಯುವ ದಾರಿಯೂ ಒಂದಿತ್ತು, ಅದು ಹೋರ್ ಅವರ ಕಾಲದಿಂದಲೇ ಬಂದದ್ದು. ಎರಡು ತುದಿಯಿಂದ ಎರಡು ಬೆರಳು ಒಳಕ್ಕೆ ಬರುತ್ತಾ, ತಪ್ಪು ಕಡೆ ಇರುವವು ಸಿಕ್ಕಾಗ ನಿಂತು ಬದಲಿಸುವ ಕ್ರಮ ಅದು. ಸಮನಾದದ್ದು ಸಿಕ್ಕಾಗಲೂ ಎರಡೂ ಬೆರಳು ನಿಲ್ಲಬೇಕು ಎಂದು ರಾಬರ್ಟ್ ಸೆಡ್ಜ್‌ವಿಕ್ 1977ರಲ್ಲಿ ಲೆಕ್ಕ ಹಾಕಿ ತೋರಿಸಿದರು. 35ನ್ನು 35ರ ಜತೆ ಬದಲಿಸುವುದು ಮೇಲ್ನೋಟಕ್ಕೆ ವ್ಯರ್ಥ. ಆದರೆ ಹಾಗೆ ನಿಂತು ನಿಂತು ಬರುವುದರಿಂದಲೇ ಎರಡು ಬೆರಳು ನಟ್ಟನಡುವೆ ಸಂಧಿಸುತ್ತವೆ, ಸಮನಾದವು ಎರಡು ಕಡೆಗೂ ಅರ್ಧರ್ಧ ಹಂಚಿಹೋಗುತ್ತವೆ. ಬದಲಿಸುವ ಶ್ರಮ ಉಳಿಸುತ್ತೇನೆಂದು ಸಮನಾದವನ್ನು ದಾಟಿ ಮುಂದೆ ಓಡಿಸಿದರೆ ಒಂದು ಬೆರಳು ಆ ತುದಿಗೇ ಹೋಗಿ ನಿಲ್ಲುತ್ತದೆ, ಉಳಿಸಿದ್ದರ ಸಾವಿರ ಪಾಲು ಕಳೆದುಹೋಗುತ್ತದೆ. ಈ ದಾರಿಯಲ್ಲಿ ಸರಿಯಾಗಿ ನಡೆದರೆ ಹತ್ತು ಲಕ್ಷ ಸಮನಾದವಕ್ಕೆ ಸುಮಾರು ಎರಡು ಕೋಟಿ ಹೋಲಿಕೆ ಆಗುತ್ತದೆ. ಅಪಾಯವಿಲ್ಲ, ಆದರೆ ಮೂರು ಪಾಲಿನ ಲಾಭವೂ ಇಲ್ಲ.

ನಿಮ್ಮದೇ ಪ್ರೋಗ್ರಾಂನಲ್ಲಿ ಈ ದೋಷ ಇದೆಯೇ ಎಂದು ಕಂಡುಹಿಡಿಯಲು ಹತ್ತು ಲಕ್ಷದ ಪಟ್ಟಿ ಬೇಕಿಲ್ಲ. ಸೊನ್ನೆ ಒಂದುಗಳ 20,000 ಸಾಲು ಕೊಟ್ಟು ಸಮಯ ನೋಡಿ, ಆಮೇಲೆ 40,000 ಕೊಡಿ, ಆಮೇಲೆ 80,000. ಒಂದು ಸೆಕೆಂಡು ಇದ್ದದ್ದು ಎರಡು ಚಿಲ್ಲರೆ, ನಾಲ್ಕು ಚಿಲ್ಲರೆ ಆದರೆ ಕ್ಷೇಮ. ಒಂದು, ನಾಲ್ಕು, ಹದಿನಾರು ಎಂದು ಏರಿದರೆ ಅದು ವರ್ಗದ ನಡಿಗೆ. ಪೈಥಾನ್‌ನಲ್ಲಿ ಬರೆದವರಿಗೆ ಇಷ್ಟೂ ಕಾಯಬೇಕಿಲ್ಲ. ಫಂಕ್ಷನ್ ತನ್ನನ್ನು ತಾನೇ ಒಂದರೊಳಗೊಂದು ಕರೆದುಕೊಳ್ಳುವುದಕ್ಕೆ ಅಲ್ಲಿ ಸಾಮಾನ್ಯವಾಗಿ 1,000ದ ಮಿತಿ ಇರುತ್ತದೆ. ಸಲಕ್ಕೆ ಒಂದನ್ನೇ ಕಳಚುವ ಕ್ವಿಕ್‌ಸಾರ್ಟ್‌ಗೆ 2,000 ಸಮನಾದ ಬೆಲೆ ಕೊಟ್ಟರೆ `RecursionError` ಎಂದು ಅಲ್ಲೇ ಬೀಳುತ್ತದೆ. ಸಿ ಭಾಷೆಯಲ್ಲಾದರೆ ಸ್ಟ್ಯಾಕ್ ತುಂಬಿ `Segmentation fault` ಬರಬಹುದು. ನನ್ನದು ಬೀಳದೆ ಓಡುತ್ತಲೇ ಇದ್ದದ್ದಕ್ಕೂ ಕಾರಣವಿತ್ತು. ಸಮನಾದವೆಲ್ಲ ಬಲಕ್ಕೆ ಹೋಗುತ್ತಿದ್ದವು, ಬಲದ ಕರೆ ಫಂಕ್ಷನ್ನಿನ ಕಟ್ಟಕಡೆಯ ಸಾಲಾಗಿತ್ತು, ಕಂಪೈಲರ್ ಅದನ್ನು ಸದ್ದಿಲ್ಲದೆ ಲೂಪ್ ಆಗಿ ಮಾರ್ಪಡಿಸಿತ್ತು. `<` ಬದಲು `<=` ಬರೆದಿದ್ದರೆ ಎಡದ ಕರೆ ಆಳಕ್ಕೆ ಇಳಿದು ಪ್ರೋಗ್ರಾಂ ಮೊದಲೇ ಬೀಳುತ್ತಿತ್ತೇನೋ, ದೋಷವೂ ಬೇಗ ಕಣ್ಣಿಗೆ ಬೀಳುತ್ತಿತ್ತು.

ಮೂರು ಪಾಲು ಎಲ್ಲ ರೋಗಕ್ಕೂ ಮದ್ದಲ್ಲ. ವಿಲ್ಕ್ಸ್ ಮತ್ತು ಬೆಕರ್ ಅವರ ಏರಿಳಿತದ ಪಟ್ಟಿಯಲ್ಲಿ ಒಂದೊಂದು ಬೆಲೆಯೂ ಎರಡೇ ಸಲ ಬರುತ್ತಿತ್ತು. ಅಲ್ಲಿ ಕೆಟ್ಟದ್ದು ಪಿವಟ್ ಆರಿಸುವ ಕ್ರಮ, ಅದಕ್ಕೆ ಪಿವಟ್ಟನ್ನೇ ತಿದ್ದಬೇಕು. ಮೇಲಿನ ಕೋಡಿನಲ್ಲಿ `rand()` ಉಳಿದುಕೊಂಡಿರುವುದು ಆ ಕಾರಣಕ್ಕೆ. ಎರಡು ದೋಷಗಳ ಹೊರಗಿನ ಲಕ್ಷಣ ಒಂದೇ, ಒಳಗಿನ ಕಾರಣ ಬೇರೆ ಬೇರೆ. ಎರಡನ್ನು ಬಿಡಿಸಿ ನೋಡಬೇಕೆಂದರೆ ಪಟ್ಟಿಯನ್ನು ಚೆನ್ನಾಗಿ ಕಲಸಿ ಮತ್ತೆ ಓಡಿಸಿ. ವೇಗ ಮರಳಿ ಬಂದರೆ ತಪ್ಪು ಪಿವಟ್‌ನದು. ಕಲಸಿದ ಮೇಲೂ ಹಾಗೇ ಇದ್ದರೆ ಸಮನಾದವುಗಳದ್ದು.

ಇಷ್ಟೆಲ್ಲ ತಿದ್ದಿದ ಮೇಲೆ ಜಿಲ್ಲೆಯ ಪಟ್ಟಿಯನ್ನು ಮತ್ತೆ ಓಡಿಸಿದೆ. ಥಟ್ಟನೆ ಬಂತು. ತೆರೆದು ನೋಡಿದರೆ ಜಿಲ್ಲೆಗಳೆಲ್ಲ ಕ್ರಮದಲ್ಲಿವೆ, ಆದರೆ ಒಂದೊಂದು ಜಿಲ್ಲೆಯೊಳಗೆ ಮೊಬೈಲ್ ಸಂಖ್ಯೆಗಳು ಚೆಲ್ಲಾಪಿಲ್ಲಿ. ಪಟ್ಟಿಯನ್ನು ಮೊದಲು ಸಂಖ್ಯೆಯ ಪ್ರಕಾರ ಜೋಡಿಸಿಯೇ ಜಿಲ್ಲೆಗೆ ಕೊಟ್ಟಿದ್ದೆ, ಆ ಕ್ರಮ ಉಳಿಯುತ್ತದೆ ಎಂದು ನಂಬಿದ್ದೆ. ಕ್ವಿಕ್‌ಸಾರ್ಟ್ ಅಂಥ ಮಾತು ಕೊಡುವುದಿಲ್ಲ. ದೂರ ದೂರದ ಸಾಲುಗಳನ್ನು ಅದಲು ಬದಲು ಮಾಡುವಾಗ ಸಮನಾದವುಗಳಲ್ಲಿ ಯಾವುದು ಮುಂದಿತ್ತು, ಯಾವುದು ಹಿಂದಿತ್ತು ಎಂಬ ನೆನಪು ಅದಕ್ಕೆ ಉಳಿಯದು, ಮೂರು ಪಾಲು ಮಾಡಿದರೂ ಅಷ್ಟೇ. ಹೋಲಿಸುವ ಸಾಲನ್ನೇ ಬದಲಿಸಿದೆ: ಜಿಲ್ಲೆ ಬೇರೆಯಾದರೆ ಜಿಲ್ಲೆಯನ್ನು ನೋಡು, ಜಿಲ್ಲೆ ಒಂದೇ ಆದರೆ ಮೊಬೈಲ್ ಸಂಖ್ಯೆಯನ್ನು ನೋಡು. ಹಾಗೆ ಮಾಡಿದೊಡನೆ ಪಟ್ಟಿಯಲ್ಲಿ ಸಮನಾದ ಎರಡು ಸಾಲುಗಳೇ ಇಲ್ಲವಾದವು, ನಡುವಿನ ರಾಶಿಗೆ ಕೆಲಸವೇ ಉಳಿಯಲಿಲ್ಲ, ನೋಟಗಳ ಲೆಕ್ಕ ಮತ್ತೆ ಎರಡೂ ಮುಕ್ಕಾಲು ಕೋಟಿಯ ಹತ್ತಿರಕ್ಕೆ ಬಂತು. ಮೂರು ಪಾಲಿನ ಕೋಡನ್ನು ಹಾಗೇ ಬಿಟ್ಟೆ. ಸೊನ್ನೆ ಒಂದರ ಕಾಲಂಗೆ ಅದು ಬೇಕಿತ್ತು.